ಒಂದು ಟನ್ ಹಸಿ ಭತ್ತ ಒಣಗಿಸೋಕೆ 80 ಯೂನಿಟ್ ಸಾಕಾ?

ಕಾರವಾರ ಕಡೆಯವ: ಕಟಾವು ಯಂತ್ರದಲ್ಲಿ ಕೊಯ್ದ ಭತ್ತ, ತೇವಾಂಶ 24. ಅದನ್ನು 14ಕ್ಕೆ ಇಳಿಸಬೇಕು. ಡ್ರೈಯರ್ ಮಾರುವವರು ಟನ್ನಿಗೆ 80 ಯೂನಿಟ್ ಕರೆಂಟು ಸಾಕು ಅಂತಾರೆ. ನಂಬಬಹುದಾ? ಸೌದೆಯದ್ದೇ ತಗೊಳ್ಳೋದು ಒಳ್ಳೆಯದಾ? ಒಣಗಿಸಿ ಅನುಭವ ಇದ್ದವರು ಹೇಳಿ.

ಅಂಕೋಲೆ ಗದ್ದೆಯವ: ನನಗೂ ಇದೇ 80ರ ಕಥೆ ಹೇಳಿಯೇ ಮಾರಿದ್ದು. ಹೀಟರ್ ಡ್ರೈಯರ್, ಅದಕ್ಕೆ ಬೇರೆ ಮೀಟರ್ ಹಾಕಿಸಿದ್ದೇನೆ, ಹಾಗಾಗಿ ಬಾಯಿಮಾತಲ್ಲ. ಒಂದು ಟನ್ನಿಗೆ 190 ಯೂನಿಟ್ ತಿಂತು. ಫ್ಯಾನಿಗೆ ಅದರಲ್ಲಿ 15, ಉಳಿದದ್ದೆಲ್ಲ ಹೀಟರ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 1,520 ಆಯ್ತು. ಹೊರುವ ಕೂಲಿ, ಚೀಲ ಎಲ್ಲ ಬೇರೆ. ನಡುವೆ ತ್ರೀ ಫೇಸ್ ಹೋಯಿತು ಅಂದ್ರೆ ಬೆಚ್ಚಗಾದ ಭತ್ತ ಡಬ್ಬದಲ್ಲೇ ಬೆವರುತ್ತಾ ಕೂತಿರುತ್ತೆ, ಆಮೇಲೆ ಮತ್ತೆ ಮೊದಲಿನಿಂದ ಕಾಯಿಸಬೇಕು. ಲೆಕ್ಕ ನಾನೂ ಮಾಡಿದ್ದೇನೆ ಮಾರಾಯ್ರೆ. ಟನ್ನಿನ ಶೇ. 10 ಅಂದ್ರೆ 100 ಕೆಜಿ ನೀರು. ಕೆಜಿ ನೀರು ಆವಿಯಾಗೋಕೆ 2,260 ಕಿಲೋಜೌಲ್. 63 ಯೂನಿಟ್ ಸಾಕಿತ್ತು! ಉಳಿದ 127 ಎಲ್ಲಿಗೆ ಹೋಯ್ತು ಅಂತ ಕೇಳಿದರೆ ಆ ಪುಣ್ಯಾತ್ಮ ಫೋನೇ ಎತ್ತೋದಿಲ್ಲ.

ಕುಮಟಾ ಗಿರಣಿ: ಅಂಕೋಲೆಯವರ ಮೀಟರ್ ಸರಿ, ಲೆಕ್ಕ ಅರ್ಧ ಸರಿ. 100 ಕೆಜಿ ಅಲ್ಲ. 24 ಅನ್ನೋದು ಹಸಿ ತೂಕದ ಮೇಲೆ, 14 ಅನ್ನೋದು ಒಣಗಿದ ಮೇಲಿನ ತೂಕದ ಮೇಲೆ. ಬದಲಾಗದೇ ಇರೋದು ನೀರು ಬಿಟ್ಟು ಉಳಿದ ಕಾಳು ಮಾತ್ರ, ಅದು 760 ಕೆಜಿ. ಅದು ಶೇ. 86 ಆಗಬೇಕಾದರೆ ಒಟ್ಟು ತೂಕ 884 ಕೆಜಿಗೆ ಬರಬೇಕು. ಅಂದ್ರೆ ಹೋಗಬೇಕಾದ ನೀರು 116 ಕೆಜಿ. ಆ 2,260 ಕೂಡ ಕುದಿಯುವ ನೀರಿನ ಲೆಕ್ಕ. ನಾವು ಭತ್ತ ಕುದಿಸೋದಿಲ್ಲ ಅಲ್ವಾ? 40-45 ಡಿಗ್ರಿಯಲ್ಲಿ ಕೆಜಿಗೆ ಸುಮಾರು 2,400 ಬೇಕು, ತಣ್ಣಗಿನ ನೀರನ್ನು ಆವಿ ಮಾಡೋದೇ ಜಾಸ್ತಿ ಖರ್ಚು. ಗುಣಿಸಿ ನೋಡಿ, 2,79,000 ಕಿಲೋಜೌಲ್, 3,600ರಿಂದ ಭಾಗಿಸಿದರೆ 78 ಯೂನಿಟ್. ಮಾರುವವರ 80 ಬಂದದ್ದು ಅಲ್ಲಿಂದಲೇ. ಅದು ಸುಳ್ಳಲ್ಲ, ಆದರೆ ಒಂದು ಚೂರೂ ಶಾಖ ಹಾಳಾಗದ ಯಂತ್ರದ ಲೆಕ್ಕ. ಅಂಥ ಯಂತ್ರ ಇಲ್ಲ. ನಿಮ್ಮದು 190ರಲ್ಲಿ 78 ಅಂದ್ರೆ ಶೇ. 41. ತೀರಾ ಕೆಟ್ಟದ್ದಲ್ಲ.

ಅಂಕೋಲೆ ಗದ್ದೆಯವ: ಕೆಟ್ಟದ್ದಲ್ಲ ಅಂತ ನೀವು ಆರಾಮಾಗಿ ಹೇಳ್ತೀರಿ, ಬಿಲ್ ಕಟ್ಟೋದು ನಾನು.

ಶಿರಸಿ ತೋಟ: ಕರೆಂಟಿನ ಸಹವಾಸವೇ ಬೇಡ. ನಮ್ಮದು ಅಡಿಕೆ ಡ್ರೈಯರ್, ಅದರಲ್ಲೇ ಭತ್ತಕ್ಕೆ ಜಾಲರಿ ಹಾಸಿ ಒಣಗಿಸುತ್ತೇವೆ. ಟನ್ನಿಗೆ 60 ಕೆಜಿ ಸೌದೆ ಆದರೆ ಹೆಚ್ಚು. ಒಂದು ವರ್ಷ ಕೊಟ್ಟಿಗೆ ಅಟ್ಟದಲ್ಲಿ ಒಣಗಿದ ಸೌದೆ, ಹಸಿಯದ್ದಲ್ಲ. ಸೌದೆ ಬಿಟ್ಟಿ ಅಂತ ಯಾರೂ ಹೇಳಬೇಡಿ, ಕಡಿಸಿದ ಕೂಲಿ, ಸೀಳಿಸಿದ ಕೂಲಿ, ಟ್ರಾಲಿ ಬಾಡಿಗೆ ಎಲ್ಲ ಬರೆದಿಟ್ಟಿದ್ದೇನೆ. ಆದರೂ 1,520ರ ಹತ್ತಿರ ಹೋಗೋದಿಲ್ಲ. ಗಾಳಿ 70 ಡಿಗ್ರಿ ಬಿಟ್ಟರೆ ಮೂರು ತಾಸಲ್ಲಿ ಕೆಲಸ ಮುಗೀತು.

ಹೊನ್ನಾವರದ ಅಕ್ಕ: ನಿಮಗೆ ಸೊಪ್ಪಿನ ಬೆಟ್ಟ ಇದೆ ತಮ್ಮ, ಸೌದೆ ಸಿಗುತ್ತೆ. ಕರಾವಳಿಯಲ್ಲಿ ಎಲ್ಲಿಂದ ತರೋದು? ನಾವು ಬೆಂಕಿಯೂ ಹಾಕೋದಿಲ್ಲ, ಹೀಟರೂ ಇಲ್ಲ. ಅಂಗಳದಲ್ಲಿ ಹರಡೋದು, ಮೋಡ ಬಂದ ದಿನ ಒಳಗೆ ಎಳೆದು ದೊಡ್ಡ ಫ್ಯಾನ್ ಹಾಕೋದು. ಏನು ಕಷ್ಟ?

ಶಿರಸಿ ತೋಟ: ಬೆಟ್ಟದ ಮಾತು ಇಲ್ಲಿ ಯಾಕೆ? ಅದರ ಸೌದೆ ಸುಮ್ನೆ ಬರೋದಿಲ್ಲ. ನಿಮಗೆ ಸಮುದ್ರ ಇದೆ ಅಂತ ನಾವು ಯಾವತ್ತಾದರೂ ಅಂದಿದ್ದೇವಾ?

ಕುಮಟಾ ಗಿರಣಿ: ಜಗಳ ಆಮೇಲೆ. ಅಕ್ಕ, ಬರೀ ಫ್ಯಾನ್ ಗಾಳಿಯಲ್ಲಿ 14 ಮುಟ್ಟಿದ್ದೀರಾ? ಮಳೆ ಮೋಡ ಇರುವಾಗ ನಮ್ಮ ಕರಾವಳಿ ಗಾಳಿಯ ತೇವ ಶೇ. 85 ಇದ್ದರೆ ಭತ್ತ ಸುಮಾರು 16-17ಕ್ಕೆ ಬಂದು ನಿಂತುಬಿಡುತ್ತೆ. ಎಷ್ಟು ಹೊತ್ತು ಬೀಸಿದರೂ ಅಷ್ಟೇ. ಅದೇ ಗಾಳಿಯನ್ನು 10 ಡಿಗ್ರಿ ಬಿಸಿ ಮಾಡಿದರೆ ಅದರ ತೇವ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ, ಆಗ ಎಳೆದುಕೊಳ್ಳುತ್ತೆ.

ತೋಟದವರೇ, ನಿಮ್ಮ 60 ಕೆಜಿ ನಂಬುತ್ತೇನೆ. ಒಣ ಸೌದೆ ಕೆಜಿಗೆ 15,000 ಕಿಲೋಜೌಲ್ ಹಿಡಿದರೆ, ಪೈಪು ಕಾಯಿಸಿ ಗಾಳಿ ಬಿಡುವ ಒಲೆಯಲ್ಲಿ ಶೇ. 30 ಕೆಲಸಕ್ಕೆ ಬಂದರೆ 62 ಕೆಜಿ ಆಗುತ್ತೆ. ಹಸಿ ಸೌದೆಗೆ 90 ದಾಟಿದರೂ ಆಶ್ಚರ್ಯ ಇಲ್ಲ, ಸೌದೆಯ ನೀರನ್ನೂ ಮೊದಲು ಆವಿ ಮಾಡಬೇಕಲ್ಲ. ಆದರೆ 70 ಡಿಗ್ರಿ, ಮೂರು ತಾಸು? ತಾಸಿಗೆ ಮೂರು ಅಂಶಕ್ಕಿಂತ ಜಾಸ್ತಿ ಇಳಿಸಿದ್ದೀರಿ. ಒಂದು, ಹೆಚ್ಚೆಂದರೆ ಒಂದೂವರೆ ಸಾಕು, ನಡುವೆ ಬಿಡುವು ಕೊಡಬೇಕು. ಇಲ್ಲದಿದ್ದರೆ ಕಾಳಿನ ಹೊರಗೆ ಒಣಗಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತೆ. ಡ್ರೈಯರಿನಲ್ಲಿ ಕಾಣೋದಿಲ್ಲ, ಗಿರಣಿಗೆ ಬಂದಾಗ ನುಚ್ಚು. ಒಂದು ಹಿಡಿ ಕಾಳು ಕೈಯಲ್ಲಿ ಸುಲಿದು ಬೆಳಕಿಗೆ ಹಿಡಿದು ನೋಡಿ, ಅಡ್ಡ ಗೆರೆ ಕಾಣುತ್ತೆ. ಬೀಜಕ್ಕೆ ಇಟ್ಟಿದ್ದರೆ ಮೊಳಕೆಯೂ ಹೋಯಿತು, ಬೀಜದ ಭತ್ತ 43 ಡಿಗ್ರಿ ದಾಟಬಾರದು.

ಶಿರಸಿ ತೋಟ: ನಾವು ಕುಚ್ಚಿಗೆ ಅಕ್ಕಿ ಮಾಡ್ತೇವೆ. ಬೇಯಿಸಿದಾಗ ಬಿರುಕು ಕೂಡಿಕೊಳ್ಳುತ್ತೆ. ನಿಮ್ಮ ನುಚ್ಚಿನ ಮಾತು ಬೆಳ್ತಿಗೆಯವರಿಗೆ.

ಕುಮಟಾ ಗಿರಣಿ: ಅದು ನಿಜ, ಹಬೆಯಲ್ಲಿ ಕೂಡಿಕೊಳ್ಳುತ್ತೆ. ಆದರೆ ಬೇಯಿಸಿದ ಮೇಲೆ ಮತ್ತೆ ಒಣಗಿಸಬೇಕಲ್ಲ? ಆಗಲೂ 70 ಬಿಟ್ಟರೆ ಹೊಸ ಬಿರುಕು.

ಅಂಕೋಲೆಯವರದ್ದು ಉಳಿದದ್ದು 127 ಅಲ್ಲ, 190ರಲ್ಲಿ 78 ಕಳೆದು 112. ಅದು ಎಲ್ಲಿ ಹೋಯ್ತು ಅಂದ್ರೆ, ಅದರಲ್ಲಿ 15 ಫ್ಯಾನಿಗೆ, ಕಾಳು ಮತ್ತು ತಗಡು ಕಾಯಿಸೋಕೆ ಸ್ವಲ್ಪ, ಬಹುಪಾಲು ಹೊರಗೆ ಹೋಗುವ ಬಿಸಿ ಗಾಳಿಯಲ್ಲಿ. ಎರಡು ಥರ್ಮಾಮೀಟರ್ ಇಡಿ. ಹೊರಗಿನ ಗಾಳಿ 28, ಒಳಗೆ ಬಿಡೋದು 45, ಭತ್ತ ದಾಟಿ ಹೊರಬರೋದು 35 ಅಂದುಕೊಳ್ಳಿ. 17 ಡಿಗ್ರಿ ಏರಿಸಿದ್ದೀರಿ, 10 ಬಳಕೆಯಾಗಿದೆ, ಸರಿಸುಮಾರು ಶೇ. 59. ಕೊನೆಕೊನೆಗೆ ಭತ್ತದಲ್ಲಿ ಬಿಡುವ ನೀರೇ ಕಮ್ಮಿಯಾಗಿ ಹೊರಬರೋದು 40 ಆಗುತ್ತೆ. ಆಗ 17ರಲ್ಲಿ 5, ಶೇ. 29. ಕೊನೆಯ ಎರಡು ಅಂಶಕ್ಕೆ ಬಿಲ್ ಏರೋದು ಹೀಗೆ. ಆ ಹೊತ್ತಿಗೆ ಹೊರಹೋಗುವ ಗಾಳಿಯ ಸ್ವಲ್ಪ ಭಾಗ ಮತ್ತೆ ಫ್ಯಾನಿನ ಬಾಯಿಗೆ ತಿರುಗಿಸಿದರೆ ಉಳಿಯುತ್ತೆ.

ಕಾರವಾರ ಕಡೆಯವ: ಹಾಗಾದರೆ ಯಾವುದು ತಗೊಳ್ಳಲಿ?

ಕುಮಟಾ ಗಿರಣಿ: ಗಿರಣಿ ಹತ್ತಿರ ಇದ್ದರೆ ಉಮಿ ಒಲೆ. ಟನ್ ಭತ್ತಕ್ಕೆ ಸುಮಾರು 200 ಕೆಜಿ ಉಮಿ ಬರುತ್ತೆ, ಒಣಗಿಸೋಕೆ 70-75 ಸಾಕು. ಬೂದಿ ತೆಗೆಯೋ ಕೆಲಸ ಜಾಸ್ತಿ, ಅದು ಗೊತ್ತಿರಲಿ. ಯಾವುದೇ ತಗೊಂಡರೂ ತೇವಾಂಶದ ಮೀಟರ್ ಒಂದನ್ನೇ ನೆಚ್ಚಬೇಡಿ, ತೂಕ ನೋಡಿ. ಟನ್ ಹಾಕಿ 900ಕ್ಕೆ ನಿಲ್ಲಿಸಿದರೆ ಇನ್ನೂ 15.6ರಲ್ಲಿದೆ. ಸಾಧ್ಯವಾದರೆ ಗದ್ದೆಯಲ್ಲೇ 20ಕ್ಕೆ ಬರುವ ತನಕ ಬಿಡಿ. ಆಗ ಟನ್ನಿನಿಂದ 70 ಕೆಜಿ ನೀರು ತೆಗೆದರೆ ಸಾಕು, ಖರ್ಚು ಶೇ. 40 ಇಳಿಯುತ್ತೆ.

ಹೊನ್ನಾವರದ ಅಕ್ಕ: ಗದ್ದೆಯಲ್ಲಿ ಬಿಡಬೇಕಂತೆ! ಮಳೆ ಹೊಡೆದು ಪೈರು ಮಲಗಿ ತೆನೆಯಲ್ಲೇ ಮೊಳಕೆ ಬಂದರೆ ಒಣಗಿಸೋಕೆ ಏನು ಉಳಿಯುತ್ತೆ? ಗಿರಣಿಯಲ್ಲಿ ಕೂತವರಿಗೆ ಎಲ್ಲ ಸುಲಭ.

ಅಂಕೋಲೆ ಗದ್ದೆಯವ: ಗಾಳಿ ತಿರುಗಿಸೋ ಪೈಪು ಎಷ್ಟು ಇಂಚಿನದು ಬೇಕು? ಸೌದೆ, ಬೆಟ್ಟ ಯಾವುದೂ ಬೇಡ, ಇದಕ್ಕೆ ಯಾರಾದರೂ ಉತ್ತರ ಕೊಡಿ.

ಶಿರಸಿ ತೋಟ: ಅಡಿಕೆ ಡ್ರೈಯರ್ ತಗೊಂಡಿದ್ದರೆ ಈ ಪ್ರಶ್ನೆಯೇ ಬರ್ತಿರಲಿಲ್ಲ.