ಹರಿದ ಬಿಲ್ಲಿನ ಫೋಟೋದಲ್ಲಿ ಕಾಣದ ಅಂಕಿ ಹೇಗೆ ಬರೆಯೋದು?

ಪ್ರಶ್ನೆ (ಪೇಂಟಿಂಗ್ ಗುತ್ತಿಗೆದಾರ, ದಾವಣಗೆರೆ): ಮಂಡಿಪೇಟೆಯಲ್ಲಿ ಪೇಂಟ್ ತಂದ ಬಿಲ್ಲಿನ ಫೋಟೋ ಅಷ್ಟೇ ಉಳಿದಿದೆ. ಬಲಗಡೆ ಕಟ್ ಆಗಿದೆ, ಎರಡನೇ ಸಾಲಿನಲ್ಲಿ ರೇಟಿನ ಕೊನೆಯೂ ಹರಿದಿದೆ. ಕಾಣುವುದು ಇಷ್ಟು:

```
12 × 145.00    1,7
 8 × 29        2,3
 5 × 220.00    1,1
```

ಎಕ್ಸೆಲ್‌ಗೆ ಏನು ಬರೆಯಲಿ?

ಮೊಬೈಲ್ ಅಂಗಡಿಯವರು: ಸ್ಕ್ಯಾನ್ ಆ್ಯಪ್‌ಗೆ ಹಾಕಿ ಕಾಂಟ್ರಾಸ್ಟ್ ಜಾಸ್ತಿ ಮಾಡಿ ಸಾರ್, ಎಲ್ಲಾ ಕಾಣುತ್ತದೆ.

ಅಕೌಂಟೆಂಟ್, ಪಿ.ಜೆ. ಬಡಾವಣೆ: ಮಾಸಿದ ಅಕ್ಷರಕ್ಕೆ ಅದು ಸರಿ. ಫೋಟೋದಲ್ಲೇ ಇಲ್ಲದ ಅಂಕಿ ಎಲ್ಲಿಂದ ಬರಬೇಕು? ಮೊದಲು ಫೋಟೋ ತೆಗೆದವರ ಫೋನ್ ನೋಡಿ. ಅವರು ಕ್ರಾಪ್ ಮಾಡಿ ಕಳಿಸಿದ್ದರೆ ಪೂರ್ತಿ ಚಿತ್ರ ಗ್ಯಾಲರಿಯಲ್ಲೇ ಇರಬಹುದು.

ಇಲ್ಲದಿದ್ದರೆ ಲೆಕ್ಕ. ಒಂದನೇ ಸಾಲು 1,740, ಮೂರನೇದು 1,100. ಎರಡೂ ಕಾಣುವ ಅಂಕಿಗೆ ಹೊಂದುತ್ತವೆ. ಎರಡನೇದರಲ್ಲಿ ಮೊತ್ತಕ್ಕೆ ಕಾಮಾ ಇದೆ, ಅಂದರೆ ಸಾವಿರದ ಮೇಲೆ. ಹಾಗಾಗಿ ರೇಟ್ 29 ಅಲ್ಲ, ಇನ್ನೂರ ತೊಂಬತ್ತರ ಆಸುಪಾಸು. ಆದರೆ 290 ಆದರೂ 299 ಆದರೂ ಎಂಟರಿಂದ ಗುಣಿಸಿದರೆ 2,3 ಅಂತಲೇ ಶುರುವಾಗುತ್ತದೆ. ಸಾಲು ನೋಡಿ ತೀರ್ಮಾನ ಆಗಲ್ಲ. ಬಿಲ್ಲಿನ ಕೆಳಗೆ ಎಚ್‌ಎಸ್‌ಎನ್ ಪಟ್ಟಿ ಇದೆಯಾ? ಟ್ಯಾಕ್ಸೆಬಲ್ ವ್ಯಾಲ್ಯೂ ಎಷ್ಟು?

ಗುತ್ತಿಗೆದಾರ: ಇದೆ, 5,200. ಸಿಜಿಎಸ್‌ಟಿ 9%, 468. ಎಸ್‌ಜಿಎಸ್‌ಟಿನೂ ಅಷ್ಟೇ. ಅಕ್ಷರದಲ್ಲಿ ಆರು ಸಾವಿರದ ನೂರ ಮೂವತ್ತಾರು.

ಅಕೌಂಟೆಂಟ್: ಬಂತಲ್ಲ! 5,200ರಲ್ಲಿ 1,740 ಮತ್ತು 1,100 ಕಳೆದರೆ 2,360. ಎಂಟರಿಂದ ಭಾಗಿಸಿದರೆ 295. ತೆರಿಗೆ ಸೇರಿ 6,136, ಅಕ್ಷರಕ್ಕೂ ಕೂಡುತ್ತದೆ. ಬೇರೆ ಡಿಸ್ಕೌಂಟ್ ಸಾಲು ಇಲ್ಲ ಅಂತ ಮಾತ್ರ ನೋಡಿಕೊಳ್ಳಿ.

ಆದರೆ 2,360 ಅಂತ ಸುಮ್ನೆ ತುಂಬಬೇಡಿ. ಕಂಡದ್ದು ಒಂದು ಕಾಲಂ, ಲೆಕ್ಕದಿಂದ ಬಂದದ್ದು ಇನ್ನೊಂದು:

```
ಕಂಡದ್ದು | ಲೆಕ್ಕ   | ಆಧಾರ
2,3??  | 2,360 | 5,200 - 1,740 - 1,100
29?    | 295   | 2,360 / 8
```

ಒಂದನೇ, ಮೂರನೇ ಸಾಲಿನ ಮೊತ್ತಕ್ಕೂ ಹೀಗೇ ಗುರುತು ಹಾಕಿ, ಅವೂ ಪೂರ್ತಿ ಕಂಡಿಲ್ಲ. ಖಾಲಿ ಜಾಗಕ್ಕೆ ಸೊನ್ನೆ ಹಾಕಬೇಡಿ, 2,300 ಅಂತ ಮೊತ್ತಕ್ಕೆ ಕೂಡಿಬಿಡುತ್ತದೆ.

ರೈತರು, ಹಿರಿಯೂರು: ನಮ್ಮ ಗೊಬ್ಬರದ ಬಿಲ್ ಎಡಗಡೆ ಕಟ್ ಆಗಿದೆ. ಒಟ್ಟು 2,450 ಅಂತ ಸ್ಪಷ್ಟ ಇದೆ. ತೊಂದರೆ ಇಲ್ಲ ಅಲ್ವಾ?

ಅಕೌಂಟೆಂಟ್: ಅಣ್ಣಾ, ಬಲಗಡೆ ಕಟ್ಟಿಗಿಂತ ಅದೇ ಮೋಸ. ಮೊತ್ತದ ಮುಂದೆಯೇ ಅಂಚು ಬಂದಿದ್ದರೆ 12,450 ಕೂಡ 2,450 ಆಗಿ ಪೂರ್ತಿ ಇದ್ದಂತೆ ಕಾಣುತ್ತದೆ. ಅಂಚಿಗೂ ಅಂಕಿಗೂ ನಡುವೆ ಖಾಲಿ ಕಾಗದ ಇದ್ದರೆ ಸರಿ. ಅಂಟಿಕೊಂಡಿದ್ದರೆ ?2,450 ಅಂತ ಬರೆಯಿರಿ. ಅರ್ಧ ಕತ್ತರಿಸಿದ ಅಂಕಿಯನ್ನೂ ನಂಬಬೇಡಿ, ಎಡಭಾಗ ಹೋದರೆ 3 ಮತ್ತು 8 ಒಂದೇ ಥರ ಕಾಣುತ್ತವೆ.

ಗುತ್ತಿಗೆದಾರ: ಇನ್ನೊಂದು ಬಿಲ್ಲಿನಲ್ಲಿ ಎರಡು ಸಾಲು ಪೂರ್ತಿ ಹೋಗಿವೆ. ಅಲ್ಲೂ ಹೀಗೇ ಕಳೆಯಲೇ?

ಅಕೌಂಟೆಂಟ್: ಕಳೆದರೆ ಎರಡರ ಒಟ್ಟು ಸಿಗುತ್ತದೆ, ಬಿಡಿ ಮೊತ್ತ ಸಿಗಲ್ಲ. ನಿಮಗೆ ಜಿಎಸ್‌ಟಿ ನಂಬರ್ ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುವ ಖರೀದಿ ಬಿಲ್ಲುಗಳ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ಲಿನ ಒಟ್ಟು ತಾಳೆ ನೋಡಬಹುದು, ಆದರೆ ಅದರಲ್ಲಿ ಸಾಲುವಾರು ವಿವರ ಇರಲ್ಲ. ಅಂಗಡಿಯವರ ಪ್ರತಿ ಬರುವವರೆಗೆ ಎರಡೂ ಸಾಲು ?? ಅಂತಲೇ ಇರಲಿ.