ಬುಲ್ ಕಾಲ್ ಸ್ಪ್ರೆಡ್ಡೋ, ಬರೀ ಕಾಲೋ?

ಪ್ರಶ್ನೆ, ಶಿವಮೊಗ್ಗದ ಟೀಚರ್: ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ 20 ದಿನ ಇದೆ ಅಂತ ಇಟ್ಟುಕೊಳ್ಳಿ. 25,400ರ ತನಕ ಹೋಗಬಹುದು ಅಂತ ನನ್ನ ಲೆಕ್ಕ. 25,000 ಕಾಲ್ 320 ರೂಪಾಯಿ, 25,400 ಕಾಲ್ 150 ರೂಪಾಯಿ. ಬರೀ ಕಾಲ್ ತಗೊಳ್ಳಲಾ, ಇಲ್ಲಾ ಮೇಲಿನದನ್ನು ಮಾರಿ ಸ್ಪ್ರೆಡ್ ಮಾಡಲಾ?

ಉತ್ತರ, ಆಪ್ಷನ್ಸ್ ಡೆಸ್ಕಿನಲ್ಲಿ ಕೆಲಸ ಮಾಡುವ ಸದಸ್ಯ: ಮೇಡಂ, 25,400 ದಾಟುವುದಿಲ್ಲ, ಹೋಗುವುದೂ ನಿಧಾನಕ್ಕೇ ಅಂತ ನಿಮಗೆ ಅನಿಸಿದರೆ ಸ್ಪ್ರೆಡ್ ಸರಿ. ನಿಮ್ಮ ಕೈಯಿಂದ ಹೋಗುವುದು 320 ಅಲ್ಲ, 170. ನಷ್ಟ ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಎಕ್ಸ್‌ಪೈರಿಯಲ್ಲಿ ನಿಫ್ಟಿ 25,170 ದಾಟಿದರೆ ಸಾಕು, ಲಾಭ ಶುರು. ಬರೀ ಕಾಲ್ ಆದರೆ 25,320 ದಾಟಬೇಕು. ಸ್ಪ್ರೆಡ್ಡಿನಲ್ಲಿ ಸಿಗುವ ಗರಿಷ್ಠ ಲಾಭ 230, ನಿಫ್ಟಿ ಎಷ್ಟೇ ಏರಿದರೂ ಅಷ್ಟೇ. ಬರೀ ಕಾಲ್ ಅದನ್ನು ಹಿಂದೆ ಹಾಕಬೇಕಾದರೆ ಎಕ್ಸ್‌ಪೈರಿಗೆ ನಿಫ್ಟಿ 25,550ರ ಮೇಲಿರಬೇಕು. ನಿಮ್ಮ ಅಂದಾಜು ಅಲ್ಲಿಗೆ ಹೋಗುವುದೇ ಇಲ್ಲ, ಅಲ್ವಾ?

ಟೈಮ್ ಡಿಕೇ ನೋಡಿ. ಹತ್ತು ದಿನ ಕಳೆದರೂ ನಿಫ್ಟಿ ಅಲ್ಲೇ 25,000ದಲ್ಲಿ ನಿಂತಿದೆ ಅಂದುಕೊಳ್ಳಿ. ವೊಲಾಟಿಲಿಟಿ ಬದಲಾಗದಿದ್ದರೆ ನಿಮ್ಮ 320ರ ಕಾಲ್ ಸುಮಾರು 220ಕ್ಕೆ ಬಂದಿರುತ್ತದೆ. ನೀವು ಮಾರಿದ 150ರ ಕಾಲ್ ಕೂಡ 70ಕ್ಕೆ ಇಳಿದಿರುತ್ತದೆ. ಒಂದು ಕಡೆ 100 ಹೋಯಿತು, ಇನ್ನೊಂದು ಕಡೆ 80 ಬಂತು. ಸ್ಪ್ರೆಡ್ಡಿನಲ್ಲಿ ಕಳೆದದ್ದು 20 ಮಾತ್ರ.

ಮೈಸೂರಿನ ಸದಸ್ಯ: ಅದಕ್ಕೇ ನಾನು ಹೇಳೋದು, ಸ್ಪ್ರೆಡ್ ಮಾಡಿದರೆ ಡಿಕೇ ಚಿಂತೆಯೇ ಇಲ್ಲ. ಎರಡೂ ಕಡೆ ಸರಿ ಹೋಗುತ್ತದೆ.

ಡೆಸ್ಕಿನ ಸದಸ್ಯ: ಅರ್ಧ ಸರಿ ಸರ್. ಅದು ನಿಫ್ಟಿ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. 25,000ದ ಹತ್ತಿರ ಇದ್ದಾಗ ದಿನಗಳು ಕಳೆದಷ್ಟೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಎಕ್ಸ್‌ಪೈರಿಗೆ ಅಲ್ಲೇ ಇದ್ದರೆ 170 ಪೂರ್ತಿ ಹೋಗುತ್ತದೆ. 25,400 ದಾಟಿ ಕೂತರೆ ಉಲ್ಟಾ, ಕಳೆಯುವ ಪ್ರತಿ ದಿನ ನಿಮಗೆ ಲಾಭ.

ಇದಕ್ಕೆ ಇನ್ನೊಂದು ಮುಖ ಇದೆ, ತುಂಬಾ ಜನ ಗೊಂದಲ ಆಗುವುದು ಇಲ್ಲೇ. ಐದೇ ದಿನದಲ್ಲಿ ನಿಫ್ಟಿ 25,400 ಮುಟ್ಟಿತು ಅಂತಿಟ್ಟುಕೊಳ್ಳಿ. ಟಾರ್ಗೆಟ್ ಬಂತು, 230 ಸಿಗಬೇಕು ಅಂತ ಸ್ಕ್ರೀನ್ ನೋಡಿದರೆ ಸುಮಾರು 95 ಕಾಣಿಸುತ್ತದೆ. ಮಾರಿದ ಕಾಲಿನಲ್ಲಿ ಇನ್ನೂ 15 ದಿನದ ಪ್ರೀಮಿಯಂ ಉಳಿದಿರುತ್ತದೆ. ಅದು 150ರಿಂದ 275ರ ಹತ್ತಿರ ಹೋಗಿರುತ್ತದೆ. ಬರೀ ಕಾಲ್ ಇಟ್ಟುಕೊಂಡವರಿಗೆ ಅದೇ ದಿನ 220ರಷ್ಟು ಲಾಭ. ಬೇಗ ಏರುತ್ತದೆ ಅನ್ನುವ ನಂಬಿಕೆ ಇದ್ದರೆ ಸ್ಪ್ರೆಡ್ ನಿಮ್ಮ ಆಟ ಅಲ್ಲ.

ದಾವಣಗೆರೆಯ ಸದಸ್ಯ: ನಾನೂ ಇದನ್ನೇ ಮಾಡ್ತೀನಿ. ನನ್ನ ಹತ್ತಿರ ಇರುವ ಷೇರಿನ ಮೇಲೆ ಪ್ರತಿ ತಿಂಗಳು ಮೇಲಿನ ಕಾಲ್ ಮಾರ್ತೀನಿ.

ಡೆಸ್ಕಿನ ಸದಸ್ಯ: ಅದು ಕವರ್ಡ್ ಕಾಲ್ ಸರ್. ಷೇರು ಬಿದ್ದಷ್ಟೂ ನಿಮ್ಮ ನಷ್ಟ ಬೆಳೆಯುತ್ತಾ ಹೋಗುತ್ತದೆ. ಇಲ್ಲಿ 170ಕ್ಕೆ ನಿಲ್ಲುತ್ತದೆ.

ಹುಬ್ಬಳ್ಳಿಯ ಸದಸ್ಯೆ: ನಾನು ಒಂದು ಕಂಪನಿ ಷೇರಿನಲ್ಲಿ ಸ್ಪ್ರೆಡ್ ಮಾಡಿದ್ದೆ. ಕೊನೆಯ ವಾರ ಬ್ರೋಕರ್ ಏಕಾಏಕಿ ಜಾಸ್ತಿ ಮಾರ್ಜಿನ್ ಕೇಳಿದರು. ನಷ್ಟಕ್ಕೆ ಮಿತಿ ಇದೆ ಅಂದಮೇಲೆ ಯಾಕೆ?

ಡೆಸ್ಕಿನ ಸದಸ್ಯ: ಷೇರುಗಳ ಆಪ್ಷನ್ಸ್‌ನಲ್ಲಿ ಸೆಟಲ್‌ಮೆಂಟ್ ಡೆಲಿವರಿ ಮೂಲಕ ಆಗುತ್ತದೆ. ಬೆಲೆ ನಿಮ್ಮ ಎರಡು ಸ್ಟ್ರೈಕ್‌ಗಳ ಮಧ್ಯೆ ನಿಂತರೆ ಮಾರಿದ ಕಾಲ್ ಸೊನ್ನೆ ಆಗುತ್ತದೆ, ಕೊಂಡ ಕಾಲಿಗೆ ಷೇರು ಬರುತ್ತದೆ. ಅಷ್ಟೂ ಷೇರಿಗೆ ದುಡ್ಡು ಕಟ್ಟಬೇಕು. ಎಕ್ಸ್‌ಪೈರಿಗೆ ಮೊದಲೇ ಎರಡೂ ಕಾಲನ್ನು ಒಟ್ಟಿಗೆ ಮುಚ್ಚಿಬಿಡಿ. ನಿಫ್ಟಿಯಲ್ಲಿ ದುಡ್ಡಿನಲ್ಲೇ ಸೆಟಲ್ ಆಗುವುದರಿಂದ ಈ ತಾಪತ್ರಯ ಇಲ್ಲ. ಆದರೂ ಕಾಲ್ ಮಾರುವುದರಿಂದ 170ಕ್ಕಿಂತ ಜಾಸ್ತಿ ಮಾರ್ಜಿನ್ ಬ್ಲಾಕ್ ಆಗುತ್ತದೆ. ಮೊದಲು ಕೊಳ್ಳಿ, ಆಮೇಲೆ ಮಾರಿ, ಆಗ ಬ್ಲಾಕ್ ಆಗುವುದು ಕಡಿಮೆ. ಹೊರಬರುವಾಗ ಉಲ್ಟಾ, ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ.

ಟೀಚರ್: 25,400 ಬೇಗ ಮುಟ್ಟಿ 95 ಕಾಣಿಸಿದರೆ ತಗೊಂಡು ಹೊರಡೋದಾ, ಕಾಯೋದಾ?

ಮೈಸೂರಿನ ಸದಸ್ಯ: ಕಾಯಿರಿ, ಉಳಿದ 135 ತಾನಾಗೇ ಬರುತ್ತದೆ.

ಡೆಸ್ಕಿನ ಸದಸ್ಯ: ನಾನಾದರೆ ಹೊರಡುತ್ತೇನೆ. ಉಳಿದ 135ಕ್ಕಾಗಿ ಆಗ 265 ಬೆಲೆಯ ಸ್ಪ್ರೆಡ್ಡನ್ನು 15 ದಿನ ಅಪಾಯಕ್ಕೆ ಒಡ್ಡಿದ ಹಾಗೆ. ಎಕ್ಸ್‌ಪೈರಿಗೆ ನಿಫ್ಟಿ 25,000ಕ್ಕೆ ವಾಪಸ್ ಬಂದರೆ ಅಷ್ಟೂ ಹೋಗುತ್ತದೆ. ಆದರೆ ನಿಫ್ಟಿ 25,400ರಿಂದ ಕೆಳಗೆ ಇಳಿಯುವುದಿಲ್ಲ ಅಂತ ನಿಮಗೆ ಗಟ್ಟಿ ನಂಬಿಕೆ ಇದ್ದರೆ ಕಾಯುವುದೂ ತಪ್ಪಲ್ಲ ಮೇಡಂ. ಇದರಲ್ಲಿ ನಮ್ಮ ಡೆಸ್ಕಿನಲ್ಲೇ ಎಲ್ಲರದ್ದೂ ಒಂದೇ ಮಾತಿಲ್ಲ.