ಪದಚರ್ಚೆ: ತಿರುಗುವ ಸುರುಳಿಯ ಲೆಕ್ಕದಲ್ಲಿ ‘ಸುತ್ತು’ ಎಂದರೆ ಯಾವುದು?

ಪ್ರಶ್ನೆ (ಅನುವಾದಕಿ)

ಮಾನ್ಯರೇ,

ಏಕರೂಪ ಕಾಂತಕ್ಷೇತ್ರದಲ್ಲಿ ತಿರುಗುವ ಸುರುಳಿಯ ಬಗೆಗಿನ ಪಾಠವೊಂದನ್ನು ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿನ ಒಂದು ಲೆಕ್ಕವನ್ನು ಹೀಗೆ ಬರೆದಿದ್ದೆ: ‘10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ, 100 ಸುತ್ತುಗಳ ಆಯತಾಕಾರದ ಸುರುಳಿಯೊಂದು 0.2 ಟೆಸ್ಲಾ ಕಾಂತಕ್ಷೇತ್ರದಲ್ಲಿ ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. ಸುತ್ತುಗಳನ್ನು ಎರಡು ಪಟ್ಟು ಮಾಡಿದರೆ ವಿದ್ಯುಚ್ಚಾಲಕ ಬಲ ಏನಾಗುತ್ತದೆ?’ ಕರಡನ್ನು ಓದಿದವರೊಬ್ಬರು, ಎರಡು ಪಟ್ಟು ಮಾಡಬೇಕಾದದ್ದು ತಂತಿಯ ಸುತ್ತನ್ನೋ ಸುರುಳಿ ತಿರುಗುವ ಸುತ್ತನ್ನೋ ಎಂದು ಕೇಳಿದರು. ಎರಡಕ್ಕೂ ನಾವು ದಿನನಿತ್ಯ ಬಳಸುವ ಪದ ಒಂದೇ ಆಗಿರುವುದರಿಂದ ಅವರ ಪ್ರಶ್ನೆ ನ್ಯಾಯವಾದದ್ದೇ. ಒಂದನ್ನು ಬಿಟ್ಟುಕೊಡಬೇಕಾದರೆ ಯಾವುದನ್ನು ಬಿಡಬೇಕು, ಅದರ ಜಾಗದಲ್ಲಿ ಏನನ್ನು ಇಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ನಿಘಂಟಿನ ಕೆಲಸದಲ್ಲಿರುವವರು)

ಮೇಡಂ, ಇಲ್ಲಿ ಗೊಂದಲ ಪದದಲ್ಲಿದೆಯೇ ಹೊರತು ಉತ್ತರದಲ್ಲಿಲ್ಲ ಎಂದು ನನಗೆ ತೋರುತ್ತದೆ. ಗರಿಷ್ಠ ವಿದ್ಯುಚ್ಚಾಲಕ ಬಲದ ಸೂತ್ರ NBAω. ಇದರಲ್ಲಿ B ಕಾಂತಕ್ಷೇತ್ರ, A ಸುರುಳಿಯ ವಿಸ್ತೀರ್ಣ; ತಂತಿಯ ಸುತ್ತುಗಳಾದ N ಮತ್ತು ತಿರುಗುವ ವೇಗವನ್ನು ಹೇಳುವ ω ಎರಡೂ ಗುಣಕಗಳಾಗಿಯೇ ಬರುತ್ತವೆ. ಹಾಗಾಗಿ ಓದುಗರು ಯಾವ ‘ಸುತ್ತು’ ಎಂದು ತಿಳಿದರೂ ಉತ್ತರ ‘ಎರಡು ಪಟ್ಟು’ ಎಂದೇ ಬರುತ್ತದೆ. ಆದರೂ ಬೇರ್ಪಡಿಸಲೇಬೇಕೆಂದರೆ ತಿರುಗುವುದಕ್ಕೆ ‘ಪರಿಭ್ರಮಣ’ ಎಂದು ಬಳಸಿ, ಶಾಸ್ತ್ರೀಯವಾಗಿಯೂ ಇರುತ್ತದೆ.

ಉತ್ತರ (ಭೌತಶಾಸ್ತ್ರ ಕಲಿಸಿದವರು)

ಹಿಂದಿನ ಪತ್ರದ ಅರ್ಧವನ್ನು ಒಪ್ಪುತ್ತೇನೆ. ಗರಿಷ್ಠ ಮೌಲ್ಯ ಎರಡೂ ಬಗೆಯಲ್ಲಿ ಇಮ್ಮಡಿಯಾಗುತ್ತದೆ ಎಂಬುದು ನಿಜ, ಆದರೆ ಉಳಿದುದೆಲ್ಲವೂ ಒಂದೇ ಆಗಿರುತ್ತದೆ ಎಂಬುದು ನಿಜವಲ್ಲ.

ಮೇಡಂ ಅವರ ಲೆಕ್ಕವನ್ನೇ ತೆಗೆದುಕೊಳ್ಳೋಣ. ಸುರುಳಿಯ ವಿಸ್ತೀರ್ಣ 0.005 ಚದರ ಮೀಟರ್. ಸೆಕೆಂಡಿಗೆ 10 ಬಾರಿ ತಿರುಗುವುದರಿಂದ ω ಸೆಕೆಂಡಿಗೆ ಸುಮಾರು 62.8 ರೇಡಿಯನ್. ಗುಣಿಸಿದರೆ ಗರಿಷ್ಠ ಮೌಲ್ಯ ಸುಮಾರು 6.28 ವೋಲ್ಟ್, ಆವೃತ್ತಿ 10 ಹರ್ಟ್ಸ್. ಈಗ ವೇಗವನ್ನು ಹಾಗೆಯೇ ಇಟ್ಟು, ಅದೇ ಅಳತೆಯ ಚೌಕಟ್ಟಿಗೆ 200 ಸುತ್ತು ತಂತಿ ಸುತ್ತಿದರೆ ಗರಿಷ್ಠ ಮೌಲ್ಯ 12.57 ವೋಲ್ಟ್ ಆಗುತ್ತದೆ, ಆವೃತ್ತಿ ಮಾತ್ರ 10 ಹರ್ಟ್ಸ್‌ನಲ್ಲೇ ಉಳಿಯುತ್ತದೆ. ಅದರ ಬದಲು 100 ಸುತ್ತನ್ನೇ ಉಳಿಸಿಕೊಂಡು ಸೆಕೆಂಡಿಗೆ 20 ಬಾರಿ ತಿರುಗಿಸಿದರೆ ಆಗಲೂ 12.57 ವೋಲ್ಟ್ ಬರುತ್ತದೆ, ಆದರೆ ಆವೃತ್ತಿಯೂ 20 ಹರ್ಟ್ಸ್‌ಗೆ ಏರುತ್ತದೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಮೊದಲನೆಯ ಅಲೆ ಇದ್ದ ಜಾಗದಲ್ಲೇ ಎತ್ತರಕ್ಕೆ ಬೆಳೆದಿರುತ್ತದೆ. ಎರಡನೆಯದು ಎತ್ತರವೂ ಆಗಿ, ಅಡ್ಡಕ್ಕೆ ಇಕ್ಕಟ್ಟೂ ಆಗಿರುತ್ತದೆ. ಯಾವ ಸುತ್ತು ಬದಲಾಯಿತು ಎಂಬುದನ್ನು ಸುರುಳಿಯನ್ನು ನೋಡದೆಯೇ ಹೀಗೆ ಹೇಳಬಹುದು.

ಕಾರಣ ಇಷ್ಟೆ. ತಂತಿಯ ಸುತ್ತುಗಳು ಒಂದರ ಹಿಂದೊಂದು ಸರಣಿಯಲ್ಲಿ ಜೋಡಣೆಗೊಂಡಿರುವುದರಿಂದ ಒಂದೊಂದರಲ್ಲಿ ಪ್ರೇರಿತವಾದ ವೋಲ್ಟೇಜು ಕೂಡುತ್ತಾ ಹೋಗುತ್ತದೆ. ವೇಗ ಹೆಚ್ಚಿದಾಗಲಾದರೋ ಕೂಡುವುದಕ್ಕೆ ಹೊಸದೇನೂ ಇಲ್ಲ; ಅಷ್ಟೇ ಫ್ಲಕ್ಸ್ ಅರ್ಧ ಸಮಯದಲ್ಲಿ ಬದಲಾಗುತ್ತದೆ, ಅಷ್ಟೆ. ಫ್ಲಕ್ಸ್ ಒಂದು ತುದಿಯಿಂದ ಅದರ ವಿರುದ್ಧದ ತುದಿಗೆ ಬದಲಾಗುವ ಅರ್ಧ ತಿರುಗುವಿಕೆಯಲ್ಲಿ ವೋಲ್ಟೇಜನ್ನು ಸಮಯದೊಂದಿಗೆ ಕೂಡಿಸುತ್ತಾ ಹೋದರೆ ಸಿಗುವ ಮೊತ್ತ 2NBA, ಅಂದರೆ ಇಲ್ಲಿ 0.2 ವೋಲ್ಟ್-ಸೆಕೆಂಡ್. ಆ ಮೊತ್ತದಲ್ಲಿ ವೇಗಕ್ಕೆ ಜಾಗವೇ ಇಲ್ಲ. ಸುರುಳಿಯನ್ನು ನಿಧಾನವಾಗಿ ತಿರುಗಿಸಿ, ರಭಸದಿಂದ ತಿರುಗಿಸಿ, ಮೊತ್ತ ಅಷ್ಟೇ. ತಂತಿಯ ಸುತ್ತನ್ನು ಇಮ್ಮಡಿಗೊಳಿಸಿದರೆ ಮಾತ್ರ ಅದು 0.4 ಆಗುತ್ತದೆ. ಎರಡು ಸುತ್ತುಗಳು ಬೇರೆ ಬೇರೆ ಎನ್ನಲು ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಗೊತ್ತಿಲ್ಲ.

‘ಪರಿಭ್ರಮಣ’ ಇಲ್ಲಿಗೆ ಸಲ್ಲದು. ಒಂದು ಕಾಯ ಇನ್ನೊಂದನ್ನು ಬಳಸಿ ಬರುವುದಕ್ಕೆ ಆ ಪದವನ್ನು ಮೀಸಲಿಟ್ಟಿದ್ದೇವೆ. ಸುರುಳಿ ತಿರುಗುವುದು ತನ್ನದೇ ಅಕ್ಷದ ಮೇಲೆ. ‘ಆವರ್ತ’ ಎಂದರೆ ಪಕ್ಕದಲ್ಲೇ ‘ಆವೃತ್ತಿ’ ಬಂದು ಕೂರುತ್ತದೆ. ‘ಸೆಕೆಂಡಿಗೆ 10 ಬಾರಿ ತಿರುಗುತ್ತದೆ’ ಎಂದು ಕ್ರಿಯಾಪದದಲ್ಲೇ ಹೇಳಿ, ‘ಸುತ್ತು’ ಎಂಬುದನ್ನು ತಂತಿಗೆ ಬಿಟ್ಟುಕೊಡುವುದು ಲೇಸು.

ಉತ್ತರ (ಮೋಟಾರು ರಿವೈಂಡಿಂಗ್ ಮಾಡುವವರು)

ಸರ್, ನಮ್ಮ ಕೆಲಸದಲ್ಲಿ ಈ ತೊಡಕು ಬರುವುದೇ ಇಲ್ಲ. ತಂತಿಗೆ ‘ಟರ್ನ್’, ವೇಗಕ್ಕೆ ‘ಆರ್‌ಪಿಎಂ’ ಎನ್ನುತ್ತೇವೆ. ಆದರೆ ಟರ್ನ್ ಇಮ್ಮಡಿಗೊಳಿಸಿದರೆ ವೋಲ್ಟೇಜು ಇಮ್ಮಡಿಯಾಗುತ್ತದೆ ಎಂದು ಪುಸ್ತಕದಲ್ಲಿ ಬರೆಯುವ ಮುನ್ನ ಇನ್ನೊಮ್ಮೆ ಯೋಚಿಸಿ. ಒಂದು ಸಣ್ಣ ಜನರೇಟರಿಗೆ ನಾನು ಹಾಗೆಯೇ ಮಾಡಿದ್ದೆ. ಏನೂ ಜೋಡಿಸದಿದ್ದಾಗ ವೋಲ್ಟೇಜು ಚೆನ್ನಾಗಿಯೇ ಬಂತು, ಬಲ್ಬು ಹಾಕಿದೊಡನೆ ಕುಸಿಯಿತು. ಸ್ಲಾಟಿನಲ್ಲಿ ಜಾಗ ಅಷ್ಟೇ ಇದ್ದುದರಿಂದ ಅರ್ಧ ದಪ್ಪದ ತಂತಿ ಹಾಕಿದ್ದೆ.

ಉತ್ತರ (ಭೌತಶಾಸ್ತ್ರ ಕಲಿಸಿದವರು)

ಕೇಳಿದ ಪ್ರಶ್ನೆ ಅದಲ್ಲದಿದ್ದರೂ ಒಳ್ಳೆಯ ಉದಾಹರಣೆಯೇ ಆಯಿತು. ‘ಅರ್ಧ ದಪ್ಪ’ ಎಂದಿರಿ. ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಅರ್ಧವೆಂದಾದರೆ, ಉದ್ದ ಇಮ್ಮಡಿಯಾದದ್ದೂ ಸೇರಿ ರೋಧ ನಾಲ್ಕು ಪಟ್ಟಾಗಿರುತ್ತದೆ. ವ್ಯಾಸವೇ ಅರ್ಧವೆಂದಾದರೆ ಎಂಟು ಪಟ್ಟು. ನೋಡಿ, ‘ದಪ್ಪ’ ಕೂಡ ‘ಸುತ್ತಿ’ನಷ್ಟೇ ಜಾರುವ ಪದ. ನಿಮ್ಮಲ್ಲಿ ಕುಸಿದದ್ದು ತುದಿಗಳ ನಡುವಿನ ವೋಲ್ಟೇಜು. ಹೆಚ್ಚಿದ ರೋಧವೇ ಅದಕ್ಕೆ ಮುಖ್ಯ ಕಾರಣವಾಗಿರಬೇಕು. ಪಾಠದ ಲೆಕ್ಕ ಹೊರೆಯಿಲ್ಲದ ಸುರುಳಿಯದ್ದು.

ಇದರಿಂದಲೇ ಇನ್ನೊಂದು ಮಾತು ನೆನಪಾಯಿತು. ‘ಸುತ್ತು ಹೆಚ್ಚಿದರೆ ವಿದ್ಯುಚ್ಚಾಲಕ ಬಲ ಹೆಚ್ಚುತ್ತದೆ’ ಎಂಬ ವಾಕ್ಯ ಒಂದೊಂದು ಸುತ್ತಿನ ವಿಸ್ತೀರ್ಣ ಬದಲಾಗದಿದ್ದರೆ ಮಾತ್ರ ಸರಿ. ಮೇಡಂ ಅವರ ಸುರುಳಿಯ ಸುತ್ತಳತೆ 30 ಸೆಂ.ಮೀ.; 100 ಸುತ್ತಿಗೆ 30 ಮೀಟರ್ ತಂತಿ ಬೇಕು. ಅಷ್ಟೇ ತಂತಿಯಲ್ಲಿ 200 ಸುತ್ತು ಮಾಡಬೇಕಾದರೆ ಚೌಕಟ್ಟನ್ನು 5 ಸೆಂ.ಮೀ.ಗೆ 2.5 ಸೆಂ.ಮೀ. ಆಗಿ ಕುಗ್ಗಿಸಬೇಕು. ಸುತ್ತು ಇಮ್ಮಡಿ, ವಿಸ್ತೀರ್ಣ ಕಾಲುಭಾಗ, 6.28 ವೋಲ್ಟ್ ಇದ್ದದ್ದು 3.14ಕ್ಕೆ ಇಳಿಯುತ್ತದೆ. ತಂತಿಯ ಉದ್ದ ನಿಗದಿಯಾಗಿದ್ದು ಕ್ಷೇತ್ರ ಸಾಕಷ್ಟು ವಿಶಾಲವಾಗಿದ್ದರೆ, ಹೆಚ್ಚು ವೋಲ್ಟೇಜು ಕೊಡುವುದು ಹಲವು ಸುತ್ತಿನ ಚಿಕ್ಕ ಸುರುಳಿಯಲ್ಲ, ಕಡಿಮೆ ಸುತ್ತಿನ ದೊಡ್ಡ ಸುರುಳಿ. ಅಷ್ಟು ವಿಶಾಲವಾದ ಏಕರೂಪ ಕ್ಷೇತ್ರವನ್ನು ಒದಗಿಸುವುದು ಕಷ್ಟ ಎಂಬುದು ಬೇರೆ ಮಾತು.

ಪ್ರಶ್ನಿಸಿದವರು

ಎಲ್ಲರಿಗೂ ವಂದನೆಗಳು. ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಚೌಕಟ್ಟಿನ ಅಳತೆಯನ್ನೂ ತಿರುಗುವ ವೇಗವನ್ನೂ ಬದಲಿಸದೆ, ತಂತಿಯನ್ನು 100ರ ಬದಲು 200 ಸುತ್ತು ಸುತ್ತಿದರೆ ಗರಿಷ್ಠ ವಿದ್ಯುಚ್ಚಾಲಕ ಬಲವೂ ಆವೃತ್ತಿಯೂ ಏನಾಗುತ್ತವೆ?’ ಮುಂದಿನ ಲೆಕ್ಕದಲ್ಲಿ ‘ಸುರುಳಿಯ ಗಾತ್ರವನ್ನು ಇಮ್ಮಡಿಗೊಳಿಸಿದರೆ’ ಎಂದಿದೆ. ವಿಜ್ಞಾನದ ಪುಸ್ತಕಗಳಲ್ಲಿ ‘ಗಾತ್ರ’ ಎಂದರೆ ಘನ ಅಳತೆ. ಇಲ್ಲಿ ಉದ್ದ, ಅಗಲಗಳೆರಡೂ ಇಮ್ಮಡಿ ಎಂದಾದರೆ ಉತ್ತರ ನಾಲ್ಕು ಪಟ್ಟು, ವಿಸ್ತೀರ್ಣವೇ ಇಮ್ಮಡಿ ಎಂದಾದರೆ ಎರಡು ಪಟ್ಟು. ಮೂಲದಲ್ಲೂ ಇದು ಸ್ಪಷ್ಟವಾಗಿಲ್ಲ.

ಉತ್ತರ (ನಿಘಂಟಿನ ಕೆಲಸದಲ್ಲಿರುವವರು)

‘ಪರಿಭ್ರಮಣ’ವನ್ನು ಹಿಂತೆಗೆದುಕೊಳ್ಳಲು ನಾನಿನ್ನೂ ಸಿದ್ಧನಿಲ್ಲ, ತನ್ನ ಅಕ್ಷದ ಮೇಲೆ ತಿರುಗುವುದು, ಇನ್ನೊಂದನ್ನು ಬಳಸಿ ಬರುವುದು ಎಂಬೆರಡರ ನಡುವಿನ ಗೆರೆ ಖಗೋಳಶಾಸ್ತ್ರದವರು ಎಳೆದದ್ದು, ಯಂತ್ರಗಳಿಗೂ ಅದನ್ನೇ ಎಳೆಯಬೇಕೆಂದಿಲ್ಲ. ‘ಗಾತ್ರ’ದ ವಿಷಯದಲ್ಲಿ ಮಾತ್ರ, ಮೂಲ ಲೇಖಕರು ಕೊಟ್ಟಿರುವ ಉತ್ತರ ಎರಡೋ ನಾಲ್ಕೋ ಎಂಬುದನ್ನು ನೋಡಿ ಪದವನ್ನು ಆರಿಸಿಕೊಳ್ಳಿ.